ಹೆಜ್ಜೆಯ ಎಣಿಕೆಯಿಂದ ಕಿಲೋಮೀಟರಿನ ಲೆಕ್ಕಕ್ಕೆ

ಸೊಂಟಕ್ಕೆ ಸಿಕ್ಕಿಸುವ ಪೆಡೋಮೀಟರ್ ಆಗಲಿ, ಮಣಿಕಟ್ಟಿಗೆ ಕಟ್ಟುವ ಪಟ್ಟಿಯಾಗಲಿ, ಜೇಬಿನಲ್ಲಿರುವ ಮೊಬೈಲ್ ಆಗಲಿ, ಹೆಜ್ಜೆ ಎಣಿಸುವ ಉಪಕರಣವು ನೇರವಾಗಿ ದೂರವನ್ನು ಅಳೆಯುವುದಿಲ್ಲ. ನಡೆಯುವಾಗ ದೇಹವು ಹೆಜ್ಜೆಗೊಮ್ಮೆ ಸ್ವಲ್ಪ ಏರಿ ಇಳಿಯುತ್ತದೆ. ಆ ಅಲುಗಾಟವನ್ನು ಗುರುತಿಸಿ, ಒಂದೊಂದನ್ನೂ ಒಂದು ಹೆಜ್ಜೆ ಎಂದು ಎಣಿಸುವುದಷ್ಟೇ ಅದರ ಕೆಲಸ. ಪರದೆಯ ಮೇಲೆ ಕಾಣುವ ಕಿಲೋಮೀಟರ್ ಎಂಬುದು ಆ ಎಣಿಕೆಯನ್ನು ಒಂದು ಹೆಜ್ಜೆಯ ಉದ್ದದಿಂದ ಗುಣಿಸಿದಾಗ ಬಂದ ಉತ್ತರ. ಜಿಪಿಎಸ್ ಚಾಲೂ ಮಾಡಿ ನಡೆದಾಗ ದೂರವು ಉಪಗ್ರಹಗಳ ಸಂಕೇತದಿಂದ ಸಿಗುತ್ತದೆ ಎಂಬುದು ನಿಜ. ಆದರೆ ದಿನವಿಡೀ ಅದನ್ನು ಚಾಲೂ ಇಡುವವರು ಕಡಿಮೆ, ಇಟ್ಟರೆ ಬ್ಯಾಟರಿಯೂ ಉಳಿಯುವುದಿಲ್ಲ. ಹಾಗಾಗಿ ಸಂಜೆ ನೋಡುವ ಒಟ್ಟು ದೂರವು ಬಹುಪಾಲು ಈ ಗುಣಾಕಾರದ ಫಲವೇ ಆಗಿರುತ್ತದೆ.

ಗುಣಾಕಾರದಲ್ಲಿ ಎರಡು ಸಂಖ್ಯೆಗಳಿವೆ. ಅವುಗಳಲ್ಲಿ ಹೆಜ್ಜೆಗಳ ಸಂಖ್ಯೆ ಕಣ್ಣಿಗೆ ಕಾಣುತ್ತದೆ, ಅದರ ಬಗ್ಗೆ ನಾವು ಸಂಶಯಪಡುತ್ತೇವೆ, ಅಕ್ಕಪಕ್ಕದವರೊಂದಿಗೆ ಹೋಲಿಸುತ್ತೇವೆ. ಹೆಜ್ಜೆಯ ಉದ್ದವಾದರೋ ಸೆಟ್ಟಿಂಗಿನ ಒಳಗೆಲ್ಲೋ ಅಡಗಿರುತ್ತದೆ, ಅದನ್ನು ತೆರೆದು ನೋಡುವವರು ವಿರಳ. ಆದರೆ ದೂರದ ಲೆಕ್ಕ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಹೆಜ್ಜೆಯ ಉದ್ದದಲ್ಲಿ ನೂರಕ್ಕೆ 8ರಷ್ಟು ತಪ್ಪಿದ್ದರೆ ದೂರದಲ್ಲಿಯೂ ನೂರಕ್ಕೆ 8ರಷ್ಟೇ ತಪ್ಪು ಬರುತ್ತದೆ, ಎಷ್ಟು ನಡೆದರೂ ಅದು ಸರಿಹೋಗುವುದಿಲ್ಲ. 60 ಸೆಂಟಿಮೀಟರಿನ ಹೆಜ್ಜೆಗೆ ನೂರಕ್ಕೆ 8 ಎಂದರೆ 5 ಸೆಂಟಿಮೀಟರ್‌ಗಿಂತ ಕಡಿಮೆ, ಹೆಚ್ಚು ಕಡಿಮೆ ಮೂರು ಬೆರಳಿನ ಅಗಲದಷ್ಟು ಸಣ್ಣದು.

ಆ ಉದ್ದವನ್ನು ನಾವು ಕೊಡದಿದ್ದರೆ ಉಪಕರಣವು ನಮ್ಮ ಎತ್ತರದಿಂದ ಅಂದಾಜು ಮಾಡಿಕೊಳ್ಳುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಅಂದಾಜಿನ ಪ್ರಕಾರ ಹೆಂಗಸರಿಗೆ ಎತ್ತರದ 0.413ರಷ್ಟು, ಗಂಡಸರಿಗೆ 0.415ರಷ್ಟು. 155 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಇದು 64 ಸೆಂಟಿಮೀಟರ್ ಎಂದು ಹೇಳುತ್ತದೆ. ಎತ್ತರವನ್ನೂ ನಮೂದಿಸದಿದ್ದರೆ ತಯಾರಕರು ಮೊದಲೇ ತುಂಬಿಟ್ಟ ಯಾವುದೋ ಎತ್ತರದಿಂದ ಲೆಕ್ಕ ನಡೆಯುತ್ತದೆ. ಈ ಗುಣಕವು ತಪ್ಪೆಂದು ಹೇಳಲಾಗದು, ಆದರೆ ಅದು ಬಹುಜನರ ಸರಾಸರಿ. ಒಂದೇ ಎತ್ತರದ ಇಬ್ಬರಲ್ಲಿ ಕಾಲಿನ ಉದ್ದ ಬೇರೆಯಿರಬಹುದು, ಒಬ್ಬರು ಅರವತ್ತು ದಾಟಿರಬಹುದು, ಒಬ್ಬರಿಗೆ ಮಂಡಿ ನೋವಿರಬಹುದು, ಒಬ್ಬರು ಸೀರೆಯುಟ್ಟು ನಡೆಯುವವರಾಗಿರಬಹುದು. ನೆರಿಗೆ ಕಾಲಿಗೆ ತೊಡರದಂತೆ ನಡೆಯುವವರ ಹೆಜ್ಜೆಯು ಸಲ್ವಾರ್ ತೊಟ್ಟು ಬೀಸಾಗಿ ನಡೆಯುವವರ ಹೆಜ್ಜೆಯಷ್ಟು ಉದ್ದವಿರುವುದಿಲ್ಲ, ಎತ್ತರದ ಗುಣಕಕ್ಕೆ ಇದಾವುದೂ ತಿಳಿಯದು.

ಆದ್ದರಿಂದ ಅಳೆಯಬೇಕು. ಅಳೆಯುವ ಮುನ್ನ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗಿದ ಜಾಗದಿಂದ ಬಲಗಾಲಿನ ಹಿಮ್ಮಡಿ ತಾಗಿದ ಜಾಗದವರೆಗಿನ ಅಂತರವು ಒಂದು ಹೆಜ್ಜೆ. ಎಡಗಾಲಿನಿಂದ ಮತ್ತೆ ಅದೇ ಎಡಗಾಲಿನವರೆಗಿನ ಅಂತರವು ಎರಡು ಹೆಜ್ಜೆಗಳ ಜೋಡಿ. ನಡಿಗೆಯನ್ನು ಅಧ್ಯಯನ ಮಾಡುವ ವೈದ್ಯರು ಮತ್ತು ಫಿಸಿಯೋಥೆರಪಿಯವರು ಸ್ಟ್ರೈಡ್ ಎಂದು ಕರೆಯುವುದು ಈ ಜೋಡಿಯನ್ನು. ಆದರೆ ಎಷ್ಟೋ ಪೆಡೋಮೀಟರ್‌ಗಳ ಸೆಟ್ಟಿಂಗಿನಲ್ಲಿ ಅದೇ ಪದವನ್ನು ಬರೆದು ಒಂದೇ ಹೆಜ್ಜೆಯ ಉದ್ದವನ್ನು ಕೇಳಿರುತ್ತಾರೆ. ಜೋಡಿಯ ಅಳತೆಯನ್ನು ಅಲ್ಲಿ ತುಂಬಿದರೆ ದೂರವು ಇದ್ದಕ್ಕಿದ್ದಂತೆ ಇಮ್ಮಡಿಯಾಗುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ: ಸಾಧಾರಣ ನಡಿಗೆಯಲ್ಲಿ ಒಂದು ಸಾವಿರ ಹೆಜ್ಜೆಗೆ ಒಂದು ಕಿಲೋಮೀಟರಿಗಿಂತ ಹೆಚ್ಚು ತೋರಿಸಿದರೆ ಜೋಡಿಯ ಅಳತೆ ಒಳಗೆ ಹೋಗಿದೆ ಎಂದೇ ತಿಳಿಯಬೇಕು, ಏಕೆಂದರೆ ಹಾಗೆ ತೋರಿಸಲು ಪ್ರತಿ ಹೆಜ್ಜೆಯೂ ಒಂದು ಮೀಟರನ್ನು ದಾಟಬೇಕು. ಅದರ ಜೊತೆಗೆ ಉದ್ದವನ್ನು ಸೆಂಟಿಮೀಟರಿನಲ್ಲಿ ಕೇಳಿದೆಯೋ ಅಂಗುಲದಲ್ಲಿ ಕೇಳಿದೆಯೋ, ದೂರವನ್ನು ಕಿಲೋಮೀಟರಿನಲ್ಲಿ ತೋರಿಸುತ್ತಿದೆಯೋ ಮೈಲಿಯಲ್ಲಿ ತೋರಿಸುತ್ತಿದೆಯೋ ಎಂಬುದನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. 3.1 ಮೈಲಿ ಎಂದರೆ ಹೆಚ್ಚು ಕಡಿಮೆ 5 ಕಿಲೋಮೀಟರ್.

ಒದ್ದೆ ಪಾದದಲ್ಲಿ ಅಂಗಳದ ಸಿಮೆಂಟಿನ ಮೇಲೆ ನಡೆದು, ಗುರುತುಗಳ ನಡುವೆ ಟೇಪು ಹಿಡಿದು ಅಳೆಯುವ ವಿಧಾನವನ್ನು ಅನೇಕರು ಸೂಚಿಸುತ್ತಾರೆ. ಅದರಲ್ಲಿ ಎರಡು ತೊಡಕುಗಳಿವೆ. ಮೊದಲ ಒಂದೆರಡು ಹೆಜ್ಜೆಗಳು ಯಾವಾಗಲೂ ಗಿಡ್ಡವಾಗಿರುತ್ತವೆ, ನಡಿಗೆಯು ತನ್ನ ಸಹಜ ಓಟವನ್ನು ಹಿಡಿಯುವಷ್ಟರಲ್ಲಿ ಅಂಗಳವೇ ಮುಗಿದಿರುತ್ತದೆ. ಇನ್ನೊಂದು, ಹತ್ತು ಹೆಜ್ಜೆಗಳಿಗೆ ಹನ್ನೊಂದು ಪಾದದ ಗುರುತುಗಳು ಬೇಕು. ಹತ್ತು ಗುರುತುಗಳನ್ನು ಎಣಿಸಿ ಹತ್ತರಿಂದ ಭಾಗಿಸಿದರೆ ಹೆಜ್ಜೆಯು ನೂರಕ್ಕೆ 10ರಷ್ಟು ಚಿಕ್ಕದಾಗಿ ಬರುತ್ತದೆ. ಹಾಗಾಗಿ ಮೊದಲೇ ತಿಳಿದಿರುವ ಒಂದು ಉದ್ದನೆಯ ದೂರವನ್ನು ನಡೆದು, ಆ ದೂರವನ್ನು ಹೆಜ್ಜೆಗಳ ಸಂಖ್ಯೆಯಿಂದ ಭಾಗಿಸುವುದೇ ಉತ್ತಮ. ಐದಾರು ನೂರು ಮೀಟರ್ ಇದ್ದರೆ ಆರಂಭದ ಗಿಡ್ಡ ಹೆಜ್ಜೆಗಳ ಪ್ರಭಾವ ಕರಗಿ ಹೋಗುತ್ತದೆ.

ತುಮಕೂರಿನವರಿಗೆ ಅಂತಹ ದೂರ ಸುಲಭವಾಗಿ ಸಿಗುವುದು ಮಹಾತ್ಮ ಗಾಂಧಿ ಕ್ರೀಡಾಂಗಣದ ಓಟದ ಪಥದಲ್ಲಿ. ಅಮಾನಿಕೆರೆಯ ಸುತ್ತಿನ ನಡಿಗೆ ದಾರಿ ಹಿತವಾದದ್ದೇ, ಆದರೆ ಅಳತೆಯ ಕೆಲಸಕ್ಕೆ ಗೆರೆ ಎಳೆದಿರುವ ಪಥವೇ ಬೇಕು. ಊರಿನಿಂದ ದೂರವಿರುವವರು ರಸ್ತೆ ಬದಿಯ ಕಿಲೋಮೀಟರ್ ಕಲ್ಲುಗಳನ್ನು ಬಳಸಬಹುದು. ಅವುಗಳ ನಡುವೆ 200 ಮೀಟರಿಗೊಂದರಂತೆ 2, 4, 6, 8 ಎಂದು ಬರೆದ ಸಣ್ಣ ಕಲ್ಲುಗಳನ್ನು ನೆಡುವ ಪದ್ಧತಿಯೂ ಇದೆ. ರಸ್ತೆ ಅಗಲ ಮಾಡಿದಾಗ ಕಲ್ಲುಗಳು ಜಾಗ ಬದಲಿಸುವುದರಿಂದ ಒಂದೇ ಜೋಡಿ ಕಲ್ಲನ್ನು ನಂಬದೆ ಮುಂದಿನ ಅಂತರದಲ್ಲಿಯೂ ಎಣಿಸಿ, ಎರಡೂ ಸಮವಾಗಿ ಬರುತ್ತವೆಯೇ ಎಂದು ಪರೀಕ್ಷಿಸಬೇಕು.

ಓಟದ ಪಥದಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದು ಸುತ್ತು ಎಂದರೆ 400 ಮೀಟರ್ ಎಂಬುದು ಅತ್ಯಂತ ಒಳಗಿನ ಲೇನಿಗೆ ಮಾತ್ರ ಸಲ್ಲುವ ಮಾತು. ಅದನ್ನೂ ಒಳ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ, ಓಟಗಾರನ ಪಾದ ಬೀಳುವ ಕಡೆ ಅಳೆದಿರುತ್ತಾರೆ. ಪ್ರತಿ ಲೇನಿನ ಅಗಲ 1.22 ಮೀಟರ್. ಹೊರಕ್ಕೆ ಹೋದಂತೆ ತಿರುವುಗಳ ವೃತ್ತ ದೊಡ್ಡದಾಗುವುದರಿಂದ ಎರಡನೆಯ ಲೇನಿನಲ್ಲಿ ಸುತ್ತು ಸುಮಾರು 407 ಮೀಟರ್ ಆಗುತ್ತದೆ, ಅಲ್ಲಿಂದ ಮುಂದೆ ಒಂದೊಂದು ಲೇನಿಗೂ 7.67 ಮೀಟರ್ ಸೇರುತ್ತ ಹೋಗಿ ಎಂಟನೆಯದು 453 ಮೀಟರ್ ತಲುಪುತ್ತದೆ. ಮುಂಜಾನೆ ಓಡುವ ಹುಡುಗರಿಗೆ ಒಳಗಿನ ಲೇನುಗಳನ್ನು ಬಿಟ್ಟುಕೊಟ್ಟು ನಡೆಯುವವರು ಹೊರಗಿನ ಲೇನುಗಳಲ್ಲಿ ಸುತ್ತುವುದು ಸಾಮಾನ್ಯ. ಹೀಗೆ ಸುತ್ತಿ, ಲೆಕ್ಕಕ್ಕೆ ಮಾತ್ರ 400 ಎಂದು ಹಿಡಿದರೆ, ಅಳೆದು ಸರಿಪಡಿಸಲು ಹೋದವರು ಅಂದಾಜಿಗಿಂತ ದೊಡ್ಡ ತಪ್ಪನ್ನು ಮನೆಗೆ ತರಬಹುದು.

ಇದನ್ನು ಒಂದು ನಿದರ್ಶನದೊಂದಿಗೆ ನೋಡೋಣ. ನನ್ನ ಅತ್ತಿಗೆಯವರ ಎತ್ತರ 155 ಸೆಂಟಿಮೀಟರ್, ವಯಸ್ಸು ಅರವತ್ತರ ಆಸುಪಾಸು, ದಿನಕ್ಕೆ 5 ಕಿಲೋಮೀಟರ್ ನಡೆಯಬೇಕೆಂಬುದು ಅವರು ತಮಗೆ ತಾವೇ ಇಟ್ಟುಕೊಂಡ ಗುರಿ. ಮಣಿಕಟ್ಟಿನ ಪಟ್ಟಿಯಲ್ಲಿ ಎತ್ತರದಿಂದ ಬಂದ 64 ಸೆಂಟಿಮೀಟರ್ ಎಂಬ ಅಂದಾಜೇ ಇತ್ತು. "ಐದು ಕಿಲೋಮೀಟರ್ ಅಂತ ಅದೇ ತೋರಿಸ್ತಿದೆಯಲ್ಲಪ್ಪ, ಇನ್ನು ಅಳೆಯೋದೇನಿದೆ?" ಎಂಬ ಅವರ ಪ್ರಶ್ನೆ ಬಹುಪಾಲು ಜನರ ಪ್ರಶ್ನೆಯೂ ಹೌದು. ಕ್ರೀಡಾಂಗಣದ ಆರನೆಯ ಲೇನಿನಲ್ಲಿ ಅವರು ತಮ್ಮ ಎಂದಿನ ವೇಗದಲ್ಲಿ ಎರಡು ಸುತ್ತು ನಡೆದರು. ಆ ಲೇನಿನ ಒಂದು ಸುತ್ತು 437.7 ಮೀಟರ್, ಎರಡು ಸುತ್ತಿಗೆ 875.4 ಮೀಟರ್. ಪಟ್ಟಿಯು ತೋರಿಸಿದ ಹೆಜ್ಜೆಗಳು 1,480. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಎರಡು ಸುತ್ತು ನಡೆದಾಗ ಬಂದದ್ದು 1,468. ಎರಡು ಎಣಿಕೆಗಳ ನಡುವೆ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲದ ಕಾರಣ ಅಳತೆಯನ್ನು ನಂಬಬಹುದಾಗಿತ್ತು. ಸರಾಸರಿ 1,474ರಿಂದ 875.4 ಮೀಟರನ್ನು ಭಾಗಿಸಿದರೆ 0.594 ಮೀಟರ್ ಬರುತ್ತದೆ. ಪಟ್ಟಿಯು ಪೂರ್ಣ ಸೆಂಟಿಮೀಟರುಗಳನ್ನು ಮಾತ್ರ ಸ್ವೀಕರಿಸುವುದರಿಂದ 59 ಎಂದು ತುಂಬಿದ್ದಾಯಿತು. ಲೇನಿನ ವಿಷಯವನ್ನು ಮರೆತು 800 ಮೀಟರನ್ನು ಭಾಗಿಸಿದ್ದರೆ 54 ಸೆಂಟಿಮೀಟರ್ ಎಂಬ ಉತ್ತರ ಬಂದು, ಅವರು ದಿನವೂ ಅನಗತ್ಯವಾಗಿ ಹೆಚ್ಚು ನಡೆಯಬೇಕಾಗುತ್ತಿತ್ತು.

ಇಲ್ಲಿ ಹೆಜ್ಜೆಗಳನ್ನು ಬಾಯಲ್ಲಿ ಎಣಿಸದೆ ಪಟ್ಟಿಯ ಎಣಿಕೆಯನ್ನೇ ತೆಗೆದುಕೊಂಡದ್ದು ಉದ್ದೇಶಪೂರ್ವಕ. ಉಪಕರಣವು ನೂರು ಹೆಜ್ಜೆಗೆ 97 ಮಾತ್ರ ಎಣಿಸುತ್ತದೆ ಎಂದಿಟ್ಟುಕೊಳ್ಳಿ. ಅದರದೇ ಎಣಿಕೆಯಿಂದ ದೂರವನ್ನು ಭಾಗಿಸಿದಾಗ ಹೆಜ್ಜೆಯ ಉದ್ದವು ಅಷ್ಟೇ ಪ್ರಮಾಣದಲ್ಲಿ ಹೆಚ್ಚಾಗಿ ಬರುತ್ತದೆ, ನಾಳೆ ಅದೇ ಉಪಕರಣವು ಅದೇ ರೀತಿ ಕಡಿಮೆ ಎಣಿಸಿದಾಗ ಗುಣಾಕಾರದಲ್ಲಿ ಎರಡೂ ಸರಿದೂಗುತ್ತವೆ. ರಾಗಿ ಅಳೆಯುವ ಪಾವು ಸ್ವಲ್ಪ ಕಿರಿದಾಗಿದ್ದರೂ, ಚೀಲಕ್ಕೆ ಎಷ್ಟು ಪಾವು ಹಿಡಿಯಿತೆಂದು ಅದೇ ಪಾವಿನಿಂದ ಅಳೆದಿಟ್ಟುಕೊಂಡವರ ಲೆಕ್ಕ ತಪ್ಪದಿರುವಂತೆ ಇದು. ಆದರೆ ಈ ಸರಿದೂಗುವಿಕೆ ನಡೆಯುವುದು ಉಪಕರಣದ ತಪ್ಪು ಪ್ರತಿದಿನ ಒಂದೇ ರೀತಿಯದಾಗಿದ್ದಾಗ ಮಾತ್ರ. ಅದಕ್ಕಾಗಿ ಒಂದು ಚಿಕ್ಕ ಪರೀಕ್ಷೆ ಸಾಕು: ಪರದೆಯ ಸಂಖ್ಯೆಯನ್ನು ಗುರುತಿಟ್ಟುಕೊಂಡು, ಬಾಯಲ್ಲಿ ಎಣಿಸುತ್ತ ನೂರು ಹೆಜ್ಜೆ ನಡೆದು, ಮತ್ತೆ ಪರದೆಯನ್ನು ನೋಡಬೇಕು. ಮೂರು ನಾಲ್ಕರಷ್ಟು ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. ಒಮ್ಮೆ 98, ಇನ್ನೊಮ್ಮೆ 81 ಎಂದು ಏರುಪೇರಾಗಿ ಬಂದರೆ ಹೆಜ್ಜೆಯ ಉದ್ದವನ್ನು ಸರಿಪಡಿಸುವುದರಿಂದ ಪ್ರಯೋಜನವಿಲ್ಲ, ಕಟ್ಟಿಕೊಂಡ ಜಾಗವನ್ನೇ ಬದಲಿಸಬೇಕು. ಸ್ಪ್ರಿಂಗಿನಿಂದ ಕೆಲಸ ಮಾಡುವ ಹಳೆಯ ಮಾದರಿಯ ಪೆಡೋಮೀಟರ್ ಸೊಂಟದಲ್ಲಿ ನೆಟ್ಟಗೆ ನಿಂತಿರಬೇಕು. ಹೊಟ್ಟೆಯ ಉಬ್ಬಿನಿಂದಲೋ ಸೆರಗಿನ ಸಡಿಲದಿಂದಲೋ ಅದು ಓರೆಯಾದರೆ ಹೆಜ್ಜೆಗಳು ತಪ್ಪಿಹೋಗುತ್ತವೆ. ಮಣಿಕಟ್ಟಿನ ಪಟ್ಟಿಯು ಕೈ ಬೀಸಾಟವನ್ನು ನೆಚ್ಚಿಕೊಂಡಿರುವುದರಿಂದ ಕೈಯಲ್ಲಿ ತರಕಾರಿಯ ಚೀಲ ಹಿಡಿದಾಗ, ಮೊಮ್ಮಗುವಿನ ತಳ್ಳುಗಾಡಿ ನೂಕುವಾಗ ಕಡಿಮೆ ಎಣಿಸುತ್ತದೆ.

ಈಗ ಗುರಿಯ ಲೆಕ್ಕಕ್ಕೆ ಬರೋಣ. ದೂರವನ್ನು ಹೆಜ್ಜೆಯ ಉದ್ದದಿಂದ ಭಾಗಿಸಿದರೆ ಬೇಕಾದ ಹೆಜ್ಜೆಗಳ ಸಂಖ್ಯೆ ಸಿಗುತ್ತದೆ. 5 ಕಿಲೋಮೀಟರ್ ಎಂದರೆ 5,000 ಮೀಟರ್. ಅದನ್ನು 0.64ರಿಂದ ಭಾಗಿಸಿದರೆ 7,812 ಹೆಜ್ಜೆ, 0.59ರಿಂದ ಭಾಗಿಸಿದರೆ 8,475 ಹೆಜ್ಜೆ. ಅಂದರೆ ಹಳೆಯ ಸೆಟ್ಟಿಂಗಿನಲ್ಲಿ ಪಟ್ಟಿಯು 5 ಕಿಲೋಮೀಟರ್ ಆಯಿತೆಂದು ಸೂಚಿಸಿದಾಗ ಅತ್ತಿಗೆಯವರು ನಿಜವಾಗಿ ನಡೆದಿರುತ್ತಿದ್ದದ್ದು ಸುಮಾರು 4.6 ಕಿಲೋಮೀಟರ್, ಪ್ರತಿದಿನವೂ ಕ್ರೀಡಾಂಗಣದ ಒಳಲೇನಿನ ಒಂದು ಸುತ್ತಿನಷ್ಟು ಬಾಕಿ ಉಳಿಯುತ್ತಿತ್ತು. ಪಟ್ಟಿಯಲ್ಲಿ ಉದ್ದವನ್ನು ಬದಲಿಸುವ ಅವಕಾಶವೇ ಇಲ್ಲದಿದ್ದರೆ ಅದು ತೋರಿಸುವ ಕಿಲೋಮೀಟರನ್ನು ಬದಿಗಿಟ್ಟು, ಹೀಗೆ ಭಾಗಿಸಿ ಪಡೆದ ಹೆಜ್ಜೆಗಳ ಸಂಖ್ಯೆಯನ್ನೇ ಗುರಿಯಾಗಿ ಇಟ್ಟುಕೊಳ್ಳಬಹುದು. ಫಲಿತಾಂಶ ಒಂದೇ.

ಜನರು ಕೇಳದೆಯೇ ಒಪ್ಪಿಕೊಂಡಿರುವ 10,000 ಹೆಜ್ಜೆಗಳ ಗುರಿಯನ್ನೂ ಈ ಕಣ್ಣಿನಿಂದ ನೋಡಬೇಕು. ಅದು 1965ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಮಾನ್‌ಪೋ-ಕೇ ಎಂಬ ಪೆಡೋಮೀಟರಿನಿಂದ ಹರಡಿದ್ದು. ಆ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಗಳ ಮಾಪಕ. ಅತ್ತಿಗೆಯವರಿಗೆ ಅದು 5.9 ಕಿಲೋಮೀಟರ್ ಆದರೆ 73 ಸೆಂಟಿಮೀಟರ್ ಹೆಜ್ಜೆಯ ಅವರ ಮಗನಿಗೆ 7.3 ಕಿಲೋಮೀಟರ್. ಒಂದೇ ಮನೆಯ ಇಬ್ಬರು ಹೆಜ್ಜೆಗಳನ್ನು ಹೋಲಿಸಿ ಪಂದ್ಯ ಕಟ್ಟುವುದು ಈ ಕಾರಣದಿಂದ ಅಷ್ಟು ಸಮಂಜಸವಲ್ಲ.

ಹೆಜ್ಜೆಯ ಉದ್ದವನ್ನು ಸರಿಪಡಿಸಿದ ಮೇಲೆಯೂ ಒಂದು ದೊಡ್ಡ ಸೋರಿಕೆ ಉಳಿದಿರುತ್ತದೆ, ಅದನ್ನು ಗಮನಿಸಿದವರು ಇನ್ನೂ ಕಡಿಮೆ. ಕ್ರೀಡಾಂಗಣದಲ್ಲಿ ಅಳೆದ 59 ಸೆಂಟಿಮೀಟರ್ ಎಂಬುದು ನೆಟ್ಟಗೆ, ನಿರಾತಂಕವಾಗಿ ನಡೆಯುವಾಗಿನ ಹೆಜ್ಜೆ. ಆದರೆ ಪಟ್ಟಿಯು ಅಡುಗೆಮನೆಯಿಂದ ದೇವರ ಕೋಣೆಗೆ, ಅಲ್ಲಿಂದ ಹಿತ್ತಿಲಿಗೆ ಇಟ್ಟ ಹೆಜ್ಜೆಗಳನ್ನೂ ಎಣಿಸಿ, ಎಲ್ಲವನ್ನೂ ಅದೇ 59ರಿಂದ ಗುಣಿಸುತ್ತದೆ. ಮನೆಯೊಳಗೆ ನಾವು ಹಾಗೆ ನಡೆಯುವುದಿಲ್ಲ, ನಾಲ್ಕು ಹೆಜ್ಜೆಗೊಮ್ಮೆ ತಿರುಗುತ್ತೇವೆ, ನಿಲ್ಲುತ್ತೇವೆ. ಅತ್ತಿಗೆಯವರ ಮನೆಯಲ್ಲಿ ಹಿಂಬಾಗಿಲಿನಿಂದ ಮುಂಬಾಗಿಲಿಗೆ 11 ಮೀಟರ್. ಕೆಲಸದ ನಡುವೆ ಅವರು ಅದನ್ನು ದಾಟಲು ಇಟ್ಟದ್ದು 26 ಹೆಜ್ಜೆ. ಹೆಜ್ಜೆಯೊಂದಕ್ಕೆ 42 ಸೆಂಟಿಮೀಟರ್.

ಒಂದು ದಿನದ ಲೆಕ್ಕವನ್ನು ಬಿಡಿಸಿ ನೋಡಿದರೆ ಇದರ ತೂಕ ತಿಳಿಯುತ್ತದೆ. ರಾತ್ರಿ ಪಟ್ಟಿಯಲ್ಲಿ ಒಟ್ಟು 9,600 ಹೆಜ್ಜೆಗಳಿದ್ದವು. ಬೆಳಗಿನ ವಾಕಿಂಗಿಗೆ ಹೊರಡುವಾಗಿನ ಸಂಖ್ಯೆಯನ್ನು ಮರಳಿ ಬಂದಾಗಿನ ಸಂಖ್ಯೆಯಿಂದ ಕಳೆದಾಗ ವಾಕಿಂಗಿನ ಪಾಲು 5,800 ಎಂದು ಗೊತ್ತಾಯಿತು, ಉಳಿದ 3,800 ಮನೆಯವು. ವಾಕಿಂಗಿನ 5,800ನ್ನು 0.59ರಿಂದ ಗುಣಿಸಿದರೆ 3,422 ಮೀಟರ್, ಮನೆಯ 3,800ನ್ನು 0.42ರಿಂದ ಗುಣಿಸಿದರೆ 1,596 ಮೀಟರ್, ಒಟ್ಟು 5 ಕಿಲೋಮೀಟರಿಗಿಂತ 18 ಮೀಟರ್ ಹೆಚ್ಚು. ಇದೇ ದಿನವನ್ನು ಪಟ್ಟಿಯು ಒಂದೇ ಉದ್ದದಿಂದ ಗುಣಿಸಿ 5.66 ಕಿಲೋಮೀಟರ್ ಎಂದು ತೋರಿಸುತ್ತದೆ. ಮೊದಲಿನ 64 ಸೆಂಟಿಮೀಟರ್ ಇದ್ದಿದ್ದರೆ 6.14 ಎಂದು ತೋರಿಸುತ್ತಿತ್ತು. ನಿಜಕ್ಕಿಂತ ಒಂದು ಕಿಲೋಮೀಟರಿಗೂ ಮಿಗಿಲಾದ ಹೆಚ್ಚಳ.

ಮನೆಯ ಹೆಜ್ಜೆಗಳ ಎಣಿಕೆಯೇ ಅಷ್ಟು ನಂಬಿಕೆಗೆ ಅರ್ಹವಲ್ಲ ಎಂಬುದು ಇದಕ್ಕೆ ಸೇರುವ ಮಾತು. ಸತತವಾಗಿ ಹತ್ತಾರು ಹೆಜ್ಜೆ ಇಟ್ಟ ಮೇಲೆಯೇ ಎಣಿಕೆ ಆರಂಭಿಸುವ ಉಪಕರಣಗಳಿವೆ, ಅವು ಅಡುಗೆಮನೆಯ ಓಡಾಟವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಇನ್ನು ಕೆಲವು ಮುದ್ದೆ ತಿರುವುವಾಗಲೂ, ಬಟ್ಟೆ ಕುಕ್ಕುವಾಗಲೂ ಕೈಯ ಅಲುಗಾಟವನ್ನು ಹೆಜ್ಜೆಯೆಂದು ಎಣಿಸುತ್ತವೆ. ಹಳ್ಳಕೊಳ್ಳದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದಾಗಲೂ ಒಂದಷ್ಟು ಸೇರುವುದುಂಟು. ಹೀಗಾಗಿ ದೂರದ ಗುರಿಯನ್ನು ಇಡೀ ದಿನದ ಒಟ್ಟು ಹೆಜ್ಜೆಗಳ ಮೇಲೆ ಕಟ್ಟುವುದಕ್ಕಿಂತ ವಾಕಿಂಗಿನ ಹೆಜ್ಜೆಗಳ ಮೇಲೆ ಕಟ್ಟುವುದೇ ಸರಿಯೆಂದು ನನಗೆ ತೋರುತ್ತದೆ. ಅತ್ತಿಗೆಯವರು ಮನೆಯ ಓಡಾಟವನ್ನೂ 5 ಕಿಲೋಮೀಟರಿನಲ್ಲಿ ಸೇರಿಸಿಕೊಳ್ಳಬಯಸಿದ್ದರಿಂದ ಅದಕ್ಕೆ 1.6 ಕಿಲೋಮೀಟರ್ ಬಿಟ್ಟು, ಉಳಿದ 3.4 ಕಿಲೋಮೀಟರಿಗೆ ಸುಮಾರು 5,760 ಹೆಜ್ಜೆಗಳ ಬೆಳಗಿನ ಗುರಿಯನ್ನು ಇಟ್ಟುಕೊಂಡರು. ನಿಮಿಷಕ್ಕೆ 105 ಹೆಜ್ಜೆಯಂತೆ ಅದು 55 ನಿಮಿಷಗಳ ನಡಿಗೆ. ಐದೂ ಕಿಲೋಮೀಟರುಗಳನ್ನು ಹೊರಗೇ ನಡೆಯಬೇಕೆಂದಿದ್ದರೆ 8,475 ಹೆಜ್ಜೆಗೆ ಸುಮಾರು 80 ನಿಮಿಷ ಬೇಕಾಗುತ್ತದೆ.

ವೇಗ ಬದಲಾದರೆ ಹೆಜ್ಜೆಯ ಉದ್ದವೂ ಬದಲಾಗುತ್ತದೆ. ಬಿರುಸಾಗಿ ನಡೆಯುವವರು ಬೇಗ ಬೇಗ ಹೆಜ್ಜೆಯಿಡುವುದರ ಜೊತೆಗೆ ಉದ್ದವಾಗಿಯೂ ಇಡುತ್ತಾರೆ. ಆದ್ದರಿಂದ ಯಾರಾದರೂ ನೋಡುತ್ತಿದ್ದಾರೆಂದು ಅಳತೆಯ ದಿನ ಬೀಸಾಗಿ ನಡೆದು, ಉಳಿದ ದಿನಗಳಲ್ಲಿ ಗೆಳತಿಯರೊಂದಿಗೆ ಮಾತಾಡುತ್ತ ನಿಧಾನವಾಗಿ ನಡೆದರೆ ಅಳತೆ ವ್ಯರ್ಥ. ಎರಡು ಬಗೆಯ ನಡಿಗೆಯೂ ರೂಢಿಯಲ್ಲಿದ್ದರೆ ಎರಡನ್ನೂ ಬೇರೆಬೇರೆಯಾಗಿ ಅಳೆದಿಟ್ಟುಕೊಳ್ಳಬೇಕು. ತೀರಾ ನಿಧಾನದ ನಡಿಗೆಯಲ್ಲಿ, ಗಂಟೆಗೆ 3 ಕಿಲೋಮೀಟರಿಗಿಂತ ಕೆಳಗೆ, ದೇಹದ ಏರಿಳಿತವೇ ಕ್ಷೀಣವಾಗಿ ಅನೇಕ ಪೆಡೋಮೀಟರ್‌ಗಳು ಹೆಜ್ಜೆಗಳನ್ನು ಗುರುತಿಸಲಾರವು. ಕೋಲು ಹಿಡಿದು ನಡೆಯುವ ಹಿರಿಯರ ವಿಷಯದಲ್ಲಿ ಪರದೆಯ ಸಂಖ್ಯೆಗಿಂತ ಸುತ್ತುಗಳನ್ನು ಎಣಿಸುವುದು ಮೇಲು.

ದೇವರಾಯನದುರ್ಗದ ಏರುದಾರಿಗೆ ಕ್ರೀಡಾಂಗಣದ ಅಳತೆ ಹೊಂದುವುದಿಲ್ಲ, ಏರಿನಲ್ಲಿ ಹೆಜ್ಜೆಗಳು ಗಿಡ್ಡವಾಗುತ್ತವೆ. ಸಿದ್ಧಗಂಗೆಯ ಬೆಟ್ಟದಂತೆ ಮೆಟ್ಟಿಲುಗಳನ್ನು ಹತ್ತುವಾಗಲಂತೂ ಒಂದು ಹೆಜ್ಜೆಯ ಮುನ್ನಡೆ ಮೆಟ್ಟಿಲಿನ ಅಗಲದಷ್ಟೇ. ಅದನ್ನು 59 ಸೆಂಟಿಮೀಟರಿನಿಂದ ಗುಣಿಸಿ ಬಂದ ಕಿಲೋಮೀಟರಿಗೆ ಅರ್ಥವಿಲ್ಲ. ಶ್ರಮವೇನೋ ಸಮತಟ್ಟಿಗಿಂತ ಹೆಚ್ಚೇ ಆಗಿರುತ್ತದೆ, ಆದರೆ ಅದು ದೂರದ ಲೆಕ್ಕವಲ್ಲ. ಅಂತಹ ದಿನ ಮೆಟ್ಟಿಲುಗಳನ್ನು ಬೇರೆಯಾಗಿ ಎಣಿಸಿ ಬರೆದಿಟ್ಟುಕೊಳ್ಳಬಹುದು.

ಒಮ್ಮೆ ಅಳೆದ ಉದ್ದವು ಬದಲಾಗುವುದು ಕೆಲವು ಸಂದರ್ಭಗಳಲ್ಲಿ: ಚಪ್ಪಲಿಯಿಂದ ಶೂಗೆ ಬದಲಾಯಿಸಿದಾಗ, ಮಂಡಿ ಅಥವಾ ಸೊಂಟದ ನೋವು ಬಂದಾಗ ಇಲ್ಲವೇ ಹೋದಾಗ, ಪಟ್ಟಿಯನ್ನು ಬದಲಿಸಿದಾಗ. ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಹಳೆಯ ಪಟ್ಟಿಯ ಎಣಿಕೆಯಿಂದ ಬಂದ 59 ಎಂಬುದು ಆ ಪಟ್ಟಿಗೆ ಸಲ್ಲುವ ಸಂಖ್ಯೆ, ಹೊಸದು ಬಂದಾಗ ಅದೇ ಲೇನಿನಲ್ಲಿ, ಅದೇ ಎರಡು ಸುತ್ತು ಮತ್ತೆ ನಡೆದು ಭಾಗಿಸಬೇಕು. ಹೊಸ ಉತ್ತರವು ಹಳೆಯದಕ್ಕಿಂತ ಒಂದು ಸೆಂಟಿಮೀಟರಿನೊಳಗೆ ಇದ್ದರೆ ಗುರಿಯನ್ನು ಮುಟ್ಟುವ ಅಗತ್ಯವಿಲ್ಲ, ಅದಕ್ಕಿಂತ ಹೆಚ್ಚಿದ್ದರೆ 5,000ವನ್ನು ಹೊಸ ಉದ್ದದಿಂದ ಮತ್ತೊಮ್ಮೆ ಭಾಗಿಸಬೇಕು.